ಕ್ಯಾಲೆಂಡರ್‌ನಲ್ಲಿ ಎರಡನೇ ಗಡಿಯಾರ, ಫೋನ್‌ನಲ್ಲಿ ಅಮೆರಿಕದ ಟೈಮು: ಹೇಗೆ ಇಟ್ಟುಕೊಳ್ಳೋದು?

ತುಂಗಾತೀರ (ಅಕ್ಟೋಬರ್ 8, 2025)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿದ್ದೇನೆ, ನಿವೃತ್ತ ಶಿಕ್ಷಕಿ. ಪ್ರತಿ ಭಾನುವಾರ ಬೆಳಿಗ್ಗೆ 7.30ಕ್ಕೆ ಹೊರದೇಶದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಜಾಸ್ತಿ ಮಕ್ಕಳು ಸ್ಯಾನ್ ಹೋಸೆ ಕಡೆಯವರು, ಕೆಲವರು ಡಲ್ಲಾಸ್‌ನವರು, ಒಂದು ಮಗು ಮೆಲ್ಬರ್ನ್‌ನಲ್ಲಿದೆ.

ಪೋಷಕರು ಮೆಸೇಜ್ ಮಾಡಿ "ಮೇಡಂ, ಗುರುವಾರ ಸಂಜೆ ನಮ್ಮ 8ಕ್ಕೆ ಮಾತಾಡೋಣವಾ" ಅಂತ ಕೇಳಿದರೆ ನಾನು ಪೇಪರ್ ಹಿಡಿದು ಕೂರಬೇಕು. ಲೆಕ್ಕ ಗೊತ್ತು, ಆದರೆ ಗುರುವಾರವೋ ಶುಕ್ರವಾರವೋ ಅನ್ನೋದೇ ತಲೆನೋವು. ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಕ್ಯಾಲೆಂಡರ್ ಇದೆ, ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದೆ. ನಮ್ಮ ಟೈಮಿನ ಪಕ್ಕದಲ್ಲೇ ಅವರ ಟೈಮೂ ಕಾಣುವ ಹಾಗೆ ಮಾಡಬಹುದಂತೆ. ಹೇಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಚಾಮುಂಡಿಬೆಟ್ಟದಡಿ

ಮೇಡಂ, ಇದು ತುಂಬಾ ಸುಲಭ. ಫೋನ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡೇಟ್ ಅಂಡ್ ಟೈಮ್ ತೆಗೆಯಿರಿ. ಅಲ್ಲಿ ಟೈಮ್ ಜೋನ್ ಆಟೊಮ್ಯಾಟಿಕ್ ಅಂತ ಇರುತ್ತೆ, ಅದನ್ನು ಆನ್ ಮಾಡಿ. ಆಮೇಲೆ ಟೈಮು ತಾನಾಗಿಯೇ ಸರಿಯಾಗುತ್ತೆ. ನಮ್ಮ ಅಣ್ಣನ ಫೋನ್‌ನಲ್ಲಿ ಸಿಂಗಪುರಕ್ಕೆ ಹೋದಾಗ ಇಳಿದ ತಕ್ಷಣ ಅಲ್ಲಿನ ಟೈಮು ಬಂತು.

ತುಂಗಾತೀರ

ಧನ್ಯವಾದ. ಆದರೆ ನಾನು ಶಿವಮೊಗ್ಗ ಬಿಟ್ಟು ಎಲ್ಲೂ ಹೋಗ್ತಾ ಇಲ್ಲ. ನನ್ನ ಟೈಮು ಹಾಗೇ ಇರಬೇಕು. ಅದರ ಜೊತೆಗೆ ಅವರದ್ದೂ ಕಾಣಬೇಕು.

ರಾತ್ರಿಪಾಳಿ

ಮೇಡಂ, ನಾನು ಬೆಂಗಳೂರಿನಲ್ಲಿ ಕೂತು ಕ್ಯಾಲಿಫೋರ್ನಿಯಾದ ತಂಡದ ಜೊತೆ ಕೆಲಸ ಮಾಡೋನು. ನನಗೆ ಇದು ದಿನನಿತ್ಯದ ಪಾಡು. ನಿಮಗೆ ಬೇಕಿರೋದು ಎರಡು ಬೇರೆ ಬೇರೆ ಸಾಧನ. "ಈಗ ಅಲ್ಲಿ ಎಷ್ಟು ಗಂಟೆ, ಫೋನ್ ಮಾಡಬಹುದಾ" ಅನ್ನೋದಕ್ಕೆ ಫೋನ್‌ನ ವರ್ಲ್ಡ್ ಕ್ಲಾಕ್. "ಮುಂದಿನ ತಿಂಗಳ ಇಂಥ ದಿನ ನಮ್ಮ 7.30 ಅಂದರೆ ಅವರಿಗೆ ಎಷ್ಟು" ಅನ್ನೋದಕ್ಕೆ ಕ್ಯಾಲೆಂಡರ್. ಒಂದರ ಕೆಲಸವನ್ನು ಇನ್ನೊಂದರ ಹತ್ತಿರ ಮಾಡಿಸೋಕೆ ಹೋದರೆ ಎಡವಟ್ಟಾಗುತ್ತೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಲ್ಯಾಪ್‌ಟಾಪ್. ಬ್ರೌಸರ್‌ನಲ್ಲಿ ಕ್ಯಾಲೆಂಡರ್ ತೆರೆದು ಮೇಲೆ ಬಲಗಡೆಯ ಹಲ್ಲುಚಕ್ರದ ಗುರುತು ಒತ್ತಿ, `Settings`ಗೆ ಹೋಗಿ. ಸ್ವಲ್ಪ ಕೆಳಗೆ `Time zone` ಅನ್ನೋ ಭಾಗ ಬರುತ್ತೆ. ಅಲ್ಲಿ `Display secondary time zone` ಪಕ್ಕದ ಚೌಕಕ್ಕೆ ಟಿಕ್ ಹಾಕಿ. ಮೇಲಿನ ಸಾಲಿನಲ್ಲಿ ನಮ್ಮ ಭಾರತದ ಹೊತ್ತು, ಅಂದರೆ ಕೋಲ್ಕತ್ತ ಇರಲಿ, ಕೆಳಗಿನ ಸಾಲಿನಲ್ಲಿ ಕ್ಯಾಲಿಫೋರ್ನಿಯಾದ ಹೊತ್ತನ್ನು ಆರಿಸಿ. ಸೇವ್ ಬಟನ್ ಅಂತ ಬೇರೆ ಇಲ್ಲ, ತಾನೇ ಉಳಿಯುತ್ತೆ.

ಈಗ ಕ್ಯಾಲೆಂಡರ್‌ಗೆ ವಾಪಸ್ ಬಂದು ವಾರದ ನೋಟಕ್ಕೆ ಹಾಕಿ. ಎಡಗಡೆ ಗಂಟೆಗಳ ಪಟ್ಟಿ ಒಂದರ ಬದಲು ಎರಡು ಕಾಣಬೇಕು. ತಿಂಗಳ ನೋಟದಲ್ಲಿ ಕಾಣಲ್ಲ, ಅದರಲ್ಲಿ ಗಂಟೆಗಳ ಪಟ್ಟಿಯೇ ಇಲ್ಲ ಅಲ್ವಾ. ಮೊದಲು ಇಷ್ಟು ಮಾಡಿ ನೋಡಿ.

ಹುಬ್ಬಳ್ಳಿ_ಪ್ಯಾಟಿ

ಇಷ್ಟೆಲ್ಲಾ ಯಾಕ್ರೀ ಮೇಡಂ? ಕ್ಯಾಲಿಫೋರ್ನಿಯಾ ನಮ್ಮಕಿಂತ ಹನ್ನೆರಡೂವರೆ ತಾಸು ಹಿಂದ. ನಮ್ಮ ಟೈಮಿಗೆ ಎಎಮ್ ಇದ್ದದ್ದನ್ನ ಪಿಎಮ್ ಮಾಡಿ ಅರ್ಧ ತಾಸು ಕಳೀರಿ, ಮುಗೀತು. ಬೆಳಿಗ್ಗೆ 7.30 ಅಂದ್ರ ಹಿಂದಿನ ದಿನ ಸಂಜೆ 7. ಕ್ಯಾಲೆಂಡರ್‌ನಾಗ ಹಾಕೋದೇ ಇದ್ರ ಪಟ್ಟಿಯೊಳಗ `GMT-07:00` ಅಂತ ಇದ್ದದ್ದು ಯಾವುದಾದ್ರೂ ಆರಿಸ್ರಿ. ಟೈಮು ಒಂದೇ, ಹೆಸರು ಯಾವುದಾದ್ರೇನು.

ತುಂಗಾತೀರ

ಬಂತು ಬಂತು! ಎಡಗಡೆ ಎರಡು ಸಾಲು ಗಂಟೆ ಬಂದಿದೆ. ಹುಬ್ಬಳ್ಳಿಯವರು ಹೇಳಿದ ಹಾಗೆ `GMT-07:00` ನೋಡಿ ಆರಿಸಿದೆ. ನಮ್ಮ 7 AM ಎದುರಿಗೆ 6:30 PM ಅಂತ ಇದೆ. ಅಂದರೆ ನಮ್ಮ 7.30ಕ್ಕೆ ಅವರಿಗೆ ಸಂಜೆ 7. ಸರಿಯಾಗಿದೆ. ಎಷ್ಟು ಚೆನ್ನಾಗಿದೆ ಇದು.

ರಾತ್ರಿಪಾಳಿ

ಒಂದು ನಿಮಿಷ ಮೇಡಂ. ನೀವು ಆರಿಸಿದ ಸಾಲಿನಲ್ಲಿ `GMT-07:00` ಆದ ಮೇಲೆ ಯಾವ ಹೆಸರಿದೆ, ಸ್ವಲ್ಪ ಓದಿ ಹೇಳ್ತೀರಾ?

ತುಂಗಾತೀರ

`Mountain Standard Time - Phoenix` ಅಂತಿದೆ.

ರಾತ್ರಿಪಾಳಿ

ಅದನ್ನು ಬದಲಿಸಿ. ಅದೇ ಪಟ್ಟಿಯಲ್ಲಿ `Pacific Time - Los Angeles` ಅಂತ ಇನ್ನೊಂದು ಸಾಲಿದೆ, ಅದನ್ನು ಆರಿಸಿ. ಸ್ಯಾನ್ ಹೋಸೆ ಅಂತ ಬೇರೆ ಸಾಲು ಹುಡುಕಬೇಡಿ. ಇಡೀ ಕ್ಯಾಲಿಫೋರ್ನಿಯಾ ಲಾಸ್ ಏಂಜಲಿಸ್‌ನ ಹೊತ್ತಿನಲ್ಲೇ ನಡೆಯುತ್ತೆ.

ಹುಬ್ಬಳ್ಳಿಯವರ ಲೆಕ್ಕ ಇವತ್ತಿಗೆ ಸರಿ. ಇವತ್ತು ಫೀನಿಕ್ಸ್ ಮತ್ತು ಲಾಸ್ ಏಂಜಲಿಸ್ ಎರಡರಲ್ಲೂ ಒಂದೇ ಗಂಟೆ. ಆದರೆ ಫೀನಿಕ್ಸ್ ಇರೋ ಅರಿಜೋನಾ ರಾಜ್ಯದವರು ಬೇಸಿಗೆಗೆ ಗಡಿಯಾರ ಮುಂದೆ ಮಾಡೋದಿಲ್ಲ, ಚಳಿಗಾಲಕ್ಕೆ ಹಿಂದೆ ಮಾಡೋದೂ ಇಲ್ಲ. ಅಲ್ಲಿನ ನವಾಹೊ ಜನರ ಪ್ರದೇಶ ಬಿಟ್ಟರೆ ವರ್ಷಪೂರ್ತಿ ಒಂದೇ ಟೈಮು. ಕ್ಯಾಲಿಫೋರ್ನಿಯಾದವರು ಮಾಡ್ತಾರೆ. ಈ ಸಲ ನವೆಂಬರ್ 2ರ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಆಮೇಲೆ ನಮಗೂ ಅವರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ನೀವು ಫೀನಿಕ್ಸ್ ಇಟ್ಟುಕೊಂಡಿದ್ದರೆ ಈ ತಿಂಗಳೆಲ್ಲಾ ಸರಿಯಾಗಿ ತೋರಿಸಿ, ನವೆಂಬರ್‌ನಲ್ಲಿ ಸದ್ದಿಲ್ಲದೆ ಒಂದು ಗಂಟೆ ತಪ್ಪು ತೋರಿಸ್ತಾ ಹೋಗೋದು. ಮೊದಲಿಂದಲೇ ತಪ್ಪು ತೋರಿಸಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಹಾಗಲ್ಲ, ಅದಕ್ಕೇ ಹೆಸರು ಕೇಳಿದ್ದು.

ಪಟ್ಟಿಯಲ್ಲಿ ಮುಂದಿರುವ `GMT` ಅಂಕಿ ನೋಡಿ ಆರಿಸಬೇಡಿ, ಊರಿನ ಹೆಸರು ನೋಡಿ ಆರಿಸಿ. ಅಂಕಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ಊರು ಬದಲಾಗಲ್ಲ.

ಹುಬ್ಬಳ್ಳಿ_ಪ್ಯಾಟಿ

ಫೀನಿಕ್ಸ್ ವಿಷಯ ಗೊತ್ತಿರಲಿಲ್ರೀ. ಆದ್ರ ನನ್ನ ಲೆಕ್ಕ ತಪ್ಪೇನಲ್ಲ. ಚಳಿಗಾಲದಾಗ ಅರ್ಧ ತಾಸಿನ ಬದಲು ಒಂದೂವರೆ ತಾಸು ಕಳದ್ರ ಆತು.

ರಾತ್ರಿಪಾಳಿ

ಹೌದು, ಆ ಲೆಕ್ಕ ಸರಿ. ಬದಲಾಗುವ ದಿನ ನೆನಪಿರಬೇಕು ಅಷ್ಟೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ. ಲಂಡನ್ ಕಡೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ. ಎರಡೂ ಒಂದೇ ದಿನ ಅಲ್ಲ. ಇಷ್ಟು ನೆನಪಿಡೋರಿಗೆ ಎರಡನೇ ಗಡಿಯಾರ ಬೇಡವೇ ಬೇಡ.

ಕುಂದಾಪ್ರದ_ದುಬೈಯವ

ನಾನು ದುಬೈಯಲ್ಲಿದ್ದೇನೆ, ಅಮ್ಮ ಊರಲ್ಲಿದ್ದಾರೆ. ಅಮ್ಮನ ಫೋನ್‌ನಲ್ಲಿ ದುಬೈ ಗಡಿಯಾರ ಇಟ್ಟುಕೊಟ್ಟಿದ್ದೆ. ನಮ್ಮಲ್ಲಿ ಈ ಹಿಂದೆ ಮುಂದೆ ಮಾಡುವ ತಾಪತ್ರಯವೇ ಇಲ್ಲ. ಊರಿಗಿಂತ ಒಂದೂವರೆ ಗಂಟೆ ಹಿಂದೆ, ವರ್ಷಪೂರ್ತಿ ಅಷ್ಟೇ. ನನ್ನ ಡ್ಯೂಟಿ ಇಲ್ಲಿನ 6ಕ್ಕೆ ಮುಗಿಯುತ್ತೆ, ಅಮ್ಮನಿಗೆ ಆಗ 7.30. ಅವರಿಗೆ ಅದು ಬಾಯಿಪಾಠ.

ಈಗ ತಮ್ಮ ಕತಾರ್‌ಗೆ ಹೋಗಿದ್ದಾನೆ. ಅಮ್ಮ ಅವನಿಗೂ ದುಬೈ ಗಡಿಯಾರ ನೋಡಿಯೇ ಫೋನ್ ಮಾಡ್ತಾರೆ. ಎಲ್ಲಾ ಗಲ್ಫ್ ಒಂದೇ ಅಂತ ಅವರ ಲೆಕ್ಕ. ಕತಾರ್ ಇನ್ನೂ ಒಂದು ಗಂಟೆ ಹಿಂದೆ, ಊರಿಗೂ ಅಲ್ಲಿಗೂ ಎರಡೂವರೆ ಗಂಟೆ. ತಮ್ಮ ಇನ್ನೂ ಕೆಲಸದಲ್ಲಿರ್ತಾನೆ, ಫೋನ್ ಎತ್ತಲ್ಲ, ಅಮ್ಮನಿಗೆ ಗಾಬರಿ. ದೋಹಾ ಅಂತ ಇನ್ನೊಂದು ಊರು ಸೇರಿಸಬೇಕು. ಅಮ್ಮನ ಹತ್ತಿರ ಸ್ಯಾಮ್‌ಸಂಗ್ ಫೋನ್ ಇದೆ. ದೂರದಿಂದ ಹೇಳಿ ಮಾಡಿಸೋದು ಹೇಗೆ?

ರಾತ್ರಿಪಾಳಿ

ಕ್ಲಾಕ್ ಆಪ್ ತೆರೆದರೆ ಕೆಳಗೆ ಅಲಾರಂ ಪಕ್ಕದಲ್ಲಿ `World clock` ಇರುತ್ತೆ. ಅಲ್ಲಿ ಪ್ಲಸ್ ಗುರುತು ಒತ್ತಿ `Doha` ಅಂತ ಟೈಪ್ ಮಾಡಿ ಸೇರಿಸಲು ಹೇಳಿ. ಅದೇ ಜಾಗದ ಮೂರು ಚುಕ್ಕಿಯ ಮೆನುವಿನಲ್ಲಿ `Time zone converter` ಅಂತಲೂ ಇದೆ. ಅದರಲ್ಲಿ ಒಂದು ಊರಿನ ಗಂಟೆ ತಿರುಗಿಸಿದರೆ ಉಳಿದ ಊರುಗಳ ಗಂಟೆಯೂ ತಿರುಗುತ್ತೆ. "ಅವನ ಸಂಜೆ 6 ಅಂದರೆ ನಮಗೆ ಎಷ್ಟು" ಅನ್ನೋದಕ್ಕೆ ಅದು ಸಾಕು. ಗಲ್ಫ್‌ಗೆ ವರ್ಷವಿಡೀ ನಂಬಬಹುದು.

ಸ್ಯಾನ್‌ಹೋಸೆ_ಅಮ್ಮ

ತುಂಗಾತೀರ ಮೇಡಂ, ನನ್ನ ಇಬ್ಬರು ಮಕ್ಕಳೂ ಇಂಥದೇ ಒಂದು ಕ್ಲಾಸಿಗೆ ಬರ್ತಾರೆ, ನಿಮ್ಮದಲ್ಲ, ಬೇರೆಯವರದು. ಹೋದ ವರ್ಷ ನವೆಂಬರ್‌ನಲ್ಲಿ ಆಗಿದ್ದು ಹೇಳ್ತೀನಿ. ನಮಗೆ ಶನಿವಾರ ಸಂಜೆ 7 ಅಂತ ಅಭ್ಯಾಸ ಆಗಿತ್ತು. ಮಕ್ಕಳಿಗೆ ಊಟ ಮಾಡಿಸಿ 7ಕ್ಕೆ ಕೂರಿಸಿದರೆ ಅಲ್ಲಿ ಟೀಚರ್ "ಮುಂದಿನ ವಾರ ಸಿಗೋಣ" ಅಂತ ಹೇಳ್ತಾ ಇದ್ದರು. ಅವರು ಊರಿನ 7.30ಕ್ಕೇ ಶುರು ಮಾಡಿದ್ದರು, ಅದು ನಮಗೆ 6 ಆಗಿತ್ತು. ಅವರದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬರೀ "ಎಂದಿನಂತೆ 7ಕ್ಕೆ" ಅಂತ ಇತ್ತು.

ಕ್ಲಾಸಿಗೆ ಕ್ಯಾಲೆಂಡರ್‌ನಿಂದಲೇ ಇನ್ವೈಟ್ ಕಳಿಸಿ ಮೇಡಂ. ಆಗ ನಮ್ಮ ಫೋನ್‌ನಲ್ಲಿ ನಮ್ಮ ಟೈಮಿಗೇ ಕಾಣುತ್ತೆ.

ತುಂಗಾತೀರ

ಇನ್ವೈಟ್ ಕಳಿಸಿದ್ದೇನಮ್ಮ, ಪ್ರತಿ ಭಾನುವಾರಕ್ಕೆ ಅಂತ ಒಂದೇ ಸಲ ಹಾಕಿಟ್ಟಿದ್ದೇನೆ. ಲಾಸ್ ಏಂಜಲಿಸ್‌ಗೂ ಬದಲಿಸಿದೆ. ಹಾಗಾದರೆ ನವೆಂಬರ್‌ನಲ್ಲಿ ನನ್ನ ಕ್ಲಾಸು ಏನಾಗುತ್ತೆ? ನನ್ನ 7.30 ಉಳಿಯುತ್ತಾ, ಅವರ 7 ಉಳಿಯುತ್ತಾ?

ರಾತ್ರಿಪಾಳಿ

ಒಳ್ಳೇ ಪ್ರಶ್ನೆ. ಇದಕ್ಕೂ ಎಡಗಡೆಯ ಎರಡನೇ ಸಾಲಿಗೂ ಸಂಬಂಧವೇ ಇಲ್ಲ. ಆ ಸಾಲು ಬರೀ ನೋಡೋಕೆ, ಅದನ್ನು ಬದಲಿಸಿದರೆ ಯಾವ ಕ್ಲಾಸೂ ಅಲುಗಾಡಲ್ಲ. ಕ್ಲಾಸು ಯಾವ ಊರಿನ ಹೊತ್ತಿಗೆ ಗಂಟು ಹಾಕಿದೆ ಅನ್ನೋದು ಆ ಕ್ಲಾಸಿನ ಒಳಗೇ ಬರೆದಿರುತ್ತೆ. ನೀವು ಶಿವಮೊಗ್ಗದಲ್ಲಿ ಕೂತು ಮಾಡಿದ್ದು, ಬೇರೇನೂ ಆರಿಸಿಲ್ಲ ಅಂದರೆ ಅದು ಭಾರತದ ಹೊತ್ತಿಗೆ ಗಂಟು ಬಿದ್ದಿದೆ. ನೋಡಬೇಕು ಅಂದರೆ ಕ್ಲಾಸಿನ ಮೇಲೆ ಒತ್ತಿ, ಪೆನ್ಸಿಲ್ ಗುರುತು ಒತ್ತಿ. ತಾರೀಕು ಗಂಟೆಯ ಸಾಲಿನ ಹತ್ತಿರ `Time zone` ಅಂತ ಇದೆ. ಅದರ ಒಳಗೆ ಊರು ಕಾಣುತ್ತೆ.

ನಿಮ್ಮ ಕ್ಲಾಸನ್ನೇ ತೊಗೊಂಡು ನೋಡೋಣ.

ನವೆಂಬರ್ 2, ಭಾನುವಾರ ಬೆಳಿಗ್ಗೆ ನಮ್ಮ 7.30. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ನವೆಂಬರ್ 1, ಶನಿವಾರ ಸಂಜೆ 7. ಡಲ್ಲಾಸ್‌ನಲ್ಲಿ ರಾತ್ರಿ 9. ಅಲ್ಲಿ ಗಡಿಯಾರ ಬದಲಾಗೋದು ಅವರ ಭಾನುವಾರ ಬೆಳಗಿನ ಜಾವ 2ಕ್ಕೆ. ಅಂದರೆ ನಿಮ್ಮ ಕ್ಲಾಸು ಮುಗಿದ ಮೇಲೆ. ಹಾಗಾಗಿ ಆ ವಾರ ಏನೂ ಗೊತ್ತಾಗಲ್ಲ.

ನವೆಂಬರ್ 9, ಮುಂದಿನ ಭಾನುವಾರ. ಕ್ಲಾಸು ಭಾರತದ ಹೊತ್ತಿಗೆ ಗಂಟು ಬಿದ್ದಿದ್ದರೆ ನಿಮಗೆ 7.30ಏ. ಕ್ಯಾಲಿಫೋರ್ನಿಯಾಗೆ ಶನಿವಾರ ಸಂಜೆ 6, ಡಲ್ಲಾಸ್‌ಗೆ 8. ಲಾಸ್ ಏಂಜಲಿಸ್‌ನ ಸಂಜೆ 7ಕ್ಕೆ ಗಂಟು ಹಾಕಿದ್ದರೆ ಅವರಿಗೆ 7, ಡಲ್ಲಾಸ್‌ಗೆ 9, ನಿಮಗೆ 8.30.

ಮಾರ್ಚ್ 8, 2026ಕ್ಕೆ ಅಲ್ಲಿ ಮತ್ತೆ ಮುಂದೆ ಮಾಡ್ತಾರೆ, ಆಗ ಎಲ್ಲಾ ಈಗಿನ ಹಾಗೇ ಆಗುತ್ತೆ. ಯಾರ ಗಂಟೆ ಸ್ಥಿರವಾಗಿರಬೇಕು ಅನ್ನೋದನ್ನು ನೀವು ಮತ್ತು ಪೋಷಕರು ತೀರ್ಮಾನ ಮಾಡಬೇಕು.

ಮೆಲ್ಬರ್ನ್_ಮಲ್ಲಿಗೆ

ನಮ್ಮ ಕಡೆಯದೂ ಸೇರಿಸಿಕೊಳ್ಳಿ. ಇಲ್ಲಿ ಈಗ ಬೇಸಿಗೆ ಬರ್ತಾ ಇದೆ, ಅಕ್ಟೋಬರ್ 5ಕ್ಕೇ ಗಡಿಯಾರ ಮುಂದೆ ಹೋಯಿತು. ಮೇಡಂ ಅವರ 7.30 ನಮಗೆ ಮಧ್ಯಾಹ್ನ 12 ಇದ್ದದ್ದು ಈಗ 1 ಆಗಿದೆ. ಅದು ಹೇಗೋ ನಡೆಯುತ್ತೆ. ಕ್ಲಾಸನ್ನು ಲಾಸ್ ಏಂಜಲಿಸ್‌ಗೆ ಕಟ್ಟಿದರೆ ನವೆಂಬರ್ 9ರಿಂದ ನಮಗೆ 2 ಆಗುತ್ತೆ. ಒಂದೂವರೆ ತಿಂಗಳಲ್ಲಿ 12, 1, 2 ಅಂತ ಮೂರು ಹೊತ್ತು. ಮಕ್ಕಳಿಗೆ ಅದು ಕಷ್ಟ. ಭಾರತದ ಹೊತ್ತಿಗೇ ಇರಲಿ ಅಂತ ನನ್ನ ಮತ.

ಇನ್ನೊಂದು ವಿಷಯ. ಆಸ್ಟ್ರೇಲಿಯಾ ಅಂತ ಬ್ರಿಸ್ಬೇನ್ ಹಾಕಿಬಿಟ್ಟೀರಿ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದವರು ಗಡಿಯಾರ ಬದಲಿಸೋದಿಲ್ಲ. ಇಲ್ಲಿನ ಫೀನಿಕ್ಸ್ ಅದು.

ಸ್ಯಾನ್‌ಹೋಸೆ_ಅಮ್ಮ

ನನ್ನ ಮತ ಬೇರೆ. ಇಲ್ಲಿ ಶನಿವಾರ 6ರ ತನಕ ಮಕ್ಕಳಿಗೆ ಈಜು, ಸಂಗೀತ ಅಂತ ಇರುತ್ತೆ. 6ಕ್ಕೆ ಕ್ಲಾಸ್ ಅಂದರೆ ಅರ್ಧ ಮಕ್ಕಳು ಕಾರಿನಿಂದ ಸೇರ್ತಾರೆ. ಅವರ ಗಮನ ಹೇಗಿರುತ್ತೆ ಹೇಳಿ. ಜಾಸ್ತಿ ಮಕ್ಕಳು ಎಲ್ಲಿದ್ದಾರೋ ಆ ಊರಿಗೆ ಕಟ್ಟಬೇಕು.

ತುಂಗಾತೀರ

ಡಲ್ಲಾಸ್‌ನ ಮಕ್ಕಳಿಗೆ ರಾತ್ರಿ 9 ಅಂದರೆ ಕಣ್ಣು ಎಳೀತಾ ಇರುತ್ತೆ. ನಾನು ನೋಡ್ತಾ ಇದ್ದೇನಲ್ಲ, ಒಬ್ಬಳು ಕಾಗುಣಿತ ಬರೆಯುತ್ತಲೇ ತೂಕಡಿಸುತ್ತಾಳೆ. 8 ಆದರೆ ಅವಳಿಗೆ ಎಷ್ಟೋ ಅನುಕೂಲ. ಸ್ಯಾನ್ ಹೋಸೆಯವರ ಮಾತೂ ನಿಜ. ಪೋಷಕರ ಗುಂಪಿನಲ್ಲಿ ಕೇಳುತ್ತೇನೆ.

ರಾತ್ರಿಪಾಳಿಯವರೇ, ಬದಲಿಸಬೇಕು ಅಂತಾದರೆ ಹಳೇ ಕ್ಲಾಸುಗಳೆಲ್ಲಾ ಕೆಟ್ಟುಹೋಗ್ತಾವಾ? ಮತ್ತೆ ನಾನು ಆರಿಸಿದ ಊರು ಸರಿ ಇದೆ ಅಂತ ಈಗಲೇ ಖಾತ್ರಿ ಮಾಡಿಕೊಳ್ಳೋದು ಹೇಗೆ? ನವೆಂಬರ್ ತನಕ ಕಾಯಬೇಕಾ?

ರಾತ್ರಿಪಾಳಿ

ಕಾಯಬೇಕಿಲ್ಲ. ಸುಮ್ನೆ ಒಂದು ಪರೀಕ್ಷೆ ಮಾಡಿ. ನವೆಂಬರ್ 8, ಶನಿವಾರಕ್ಕೆ "ಪರೀಕ್ಷೆ" ಅಂತ ಹೊಸದೊಂದು ಮಾಡಿ, ಗಂಟೆ ಸಂಜೆ 7 ಅಂತ ಹಾಕಿ, ಅದರ `Time zone` ಒಳಗೆ ಲಾಸ್ ಏಂಜಲಿಸ್ ಆರಿಸಿ. ಯಾರನ್ನೂ ಸೇರಿಸಬೇಡಿ. ಸೇವ್ ಮಾಡಿದ ತಕ್ಷಣ ಅದು ನಿಮ್ಮ ಕ್ಯಾಲೆಂಡರ್‌ನಲ್ಲಿ ಭಾನುವಾರ ನವೆಂಬರ್ 9ರ ಬೆಳಿಗ್ಗೆ 8.30ಕ್ಕೆ ಹೋಗಿ ಕೂರಬೇಕು. ಹಾಗೆ ಕೂತರೆ ಸರಿ. 7.30ಕ್ಕೆ ಕೂತರೆ ನೀವು ಆರಿಸಿದ್ದು ಇನ್ನೂ ಫೀನಿಕ್ಸ್ ಅಂತ ಅರ್ಥ. ನೋಡಿ ಅಳಿಸಿಬಿಡಿ.

ಬದಲಿಸೋದಾದರೆ ನವೆಂಬರ್ 9ರ ಕ್ಲಾಸನ್ನು ತೆರೆದು ಬದಲಿಸಿ. ಸೇವ್ ಮಾಡುವಾಗ ಯಾವುದಕ್ಕೆ ಅನ್ವಯ ಅಂತ ಕೇಳುತ್ತೆ. `This and following events` ಆರಿಸಿ. ಹಿಂದಿನವು ಹಾಗೇ ಇರುತ್ತವೆ. ಪೋಷಕರಿಗೆ ಹೊಸ ಸುದ್ದಿ ಕಳಿಸಬೇಕಾ ಅಂತಲೂ ಕೇಳುತ್ತೆ, ಕಳಿಸಿ ಅನ್ನಿ. ಒಂದು ಎಚ್ಚರ: ಊರು ಬದಲಿಸಿದ ಮೇಲೆ ಗಂಟೆಯನ್ನೂ ತಾರೀಕನ್ನೂ ಇನ್ನೊಮ್ಮೆ ನೋಡಿ. ಲಾಸ್ ಏಂಜಲಿಸ್ ಅಂತ ಮಾಡಿ ಗಂಟೆ ಮಾತ್ರ 7.30 ಬೆಳಿಗ್ಗೆ ಅಂತಲೇ ಉಳಿದರೆ ಕ್ಲಾಸು ನಿಮಗೆ ರಾತ್ರಿ 9ಕ್ಕೆ ಬರುತ್ತೆ.

ನಿಮ್ಮ ಮೊದಲ ತಲೆನೋವಿಗೆ ಬರ್ತೀನಿ, ಗುರುವಾರವೋ ಶುಕ್ರವಾರವೋ ಅನ್ನೋದು. ಎಡಗಡೆಯ ಎರಡನೇ ಸಾಲು ಗಂಟೆ ಮಾತ್ರ ಹೇಳುತ್ತೆ, ವಾರ ಹೇಳಲ್ಲ. ಮೇಲೆ ದೊಡ್ಡದಾಗಿ ಬರೆದಿರೋ ವಾರ ನಮ್ಮದು. ಅದಕ್ಕೇ ಜನ ಎಡವೋದು. ಆ ಸಾಲಿನಲ್ಲಿ ಮೇಲಿಂದ ಕೆಳಗೆ ಬಂದು AM ಶುರುವಾಗೋ ಜಾಗ ಹುಡುಕಿ. ಈಗಿನ ದಿನಗಳಲ್ಲಿ ನಮ್ಮ 1 PM ಎದುರಿಗೆ 12:30 AM ಅಂತ ಕಾಣುತ್ತೆ. ಅಂದರೆ ಅವರ ನಡುರಾತ್ರಿ ನಮ್ಮ ಮಧ್ಯಾಹ್ನ 12.30. ಅದಕ್ಕಿಂತ ಮೇಲಿರುವುದೆಲ್ಲಾ ಅವರಿಗೆ ಹಿಂದಿನ ದಿನ. ಕೆಳಗಿರುವುದು ನಮ್ಮದೇ ದಿನ. ನವೆಂಬರ್ ಆದ ಮೇಲೆ ಆ ಗೆರೆ ನಮ್ಮ 1.30ಕ್ಕೆ ಇಳಿಯುತ್ತೆ.

ಆ ಪೋಷಕರ "ಗುರುವಾರ ಸಂಜೆ ನಮ್ಮ 8" ಹುಡುಕೋಣ. ಎರಡನೇ ಸಾಲಿನಲ್ಲಿ 8 PM ಬರೋದು 7:30 PM ಮತ್ತು 8:30 PM ನಡುವೆ, ಅದರ ಎದುರಿಗೆ ನಮ್ಮ ಬೆಳಿಗ್ಗೆ 8.30. ಅದು 12.30ರ ಗೆರೆಗಿಂತ ಮೇಲಿದೆ. ಹಾಗಾಗಿ ಅವರ ಗುರುವಾರ ಅಂದರೆ ನಮ್ಮ ಶುಕ್ರವಾರದ ಅಂಕಣ. ಶುಕ್ರವಾರ ಬೆಳಿಗ್ಗೆ 8.30.

ತುಂಗಾತೀರ

ಪರೀಕ್ಷೆ ಮಾಡಿದೆ. ಭಾನುವಾರ 8.30ಕ್ಕೇ ಕೂತಿತು. ನಡುರಾತ್ರಿಯ ಗೆರೆ ಉಪಾಯ ಬಹಳ ಚೆನ್ನಾಗಿದೆ, ಪೇಪರ್ ಬೇಕಾಗಲಿಲ್ಲ.

ಎರಡನೇ ಸಾಲಿಗೆ ಹೆಸರು ಕೊಡುವ ಜಾಗವೂ ಕಂಡಿತು. "ಸ್ಯಾನ್ ಹೋಸೆ" ಅಂತ ಕೊಟ್ಟಿದ್ದೇನೆ.

ರಾತ್ರಿಪಾಳಿ

ಕೊಡಬಹುದು. ಹೆಸರು ಕೊಟ್ಟರೆ ಸಾಲಿನ ತಲೆಯ ಮೇಲೆ `GMT-07` ಅನ್ನೋ ಅಂಕಿಯ ಬದಲು ಆ ಹೆಸರು ಬರುತ್ತೆ. ನಾನು ಹೆಸರು ಕೊಡೋದಿಲ್ಲ. ನವೆಂಬರ್ ವಾರಕ್ಕೆ ಹೋದಾಗ ಆ ಅಂಕಿ `GMT-08` ಆಗೋದು ನೋಡಿದರೆ ಬದಲಾವಣೆ ಕಣ್ಣಿಗೆ ಬೀಳುತ್ತೆ. ಗಡಿಯಾರ ಬದಲಾಗುವ ಆ ಒಂದು ವಾರ ಮಾತ್ರ ವಾರದ ನೋಟವನ್ನು ನಂಬಬೇಡಿ. ಏಳು ದಿನಕ್ಕೂ ಪಕ್ಕದಲ್ಲಿ ಒಂದೇ ಸಾಲು ಇರೋದು, ಅದರಲ್ಲಿ ಎರಡು ಲೆಕ್ಕ ಹಿಡಿಸಲ್ಲ. ಆ ವಾರ ಕ್ಲಾಸನ್ನೇ ತೆರೆದು ನೋಡಿ.

ಡಲ್ಲಾಸ್ ಮತ್ತು ಮೆಲ್ಬರ್ನ್‌ಗೆ ಎಡಗಡೆ ಇನ್ನೊಂದು ಸಾಲು ಸಿಗಲ್ಲ. ಆದರೆ ಅದೇ ಸೆಟ್ಟಿಂಗ್ಸ್‌ನಲ್ಲಿ `World clock` ಅಂತ ಇದೆ. `Show world clock` ಟಿಕ್ ಹಾಕಿ ಊರು ಸೇರಿಸಿದರೆ ಪುಟದ ಎಡ ಪಟ್ಟಿಯಲ್ಲಿ ಆ ಊರುಗಳ ಗಂಟೆ ಕಾಣುತ್ತೆ. ಡಲ್ಲಾಸ್‌ಗೆ ಅದೇ ಹೊತ್ತಿನ `Central Time - Chicago` ಆರಿಸಿ.

ಕಚೇರಿಕೆಲಸ

ಔಟ್‌ಲುಕ್ ಬಳಸೋರಿಗೆ ಒಂದು ಮಾತು. ವಿಂಡೋಸ್‌ನ ಹಳೇ ಔಟ್‌ಲುಕ್‌ನಲ್ಲಿ `File`, `Options`, `Calendar` ಒಳಗೆ `Show a second time zone` ಇದೆ, ಅದರ ಕೆಳಗೆ `Show a third time zone` ಕೂಡ ಇದೆ. ಮೂರು ಸಾಲು ಪಕ್ಕ ಪಕ್ಕ ಬರುತ್ತೆ. ಅಲ್ಲಿ ಹೆಸರು ಕೊಟ್ಟುಬಿಡಿ, ಇಲ್ಲದಿದ್ದರೆ ಯಾವುದು ಯಾವ ಊರು ಅಂತ ಗೊತ್ತಾಗಲ್ಲ.

ತುಂಗಾತೀರ

ಇನ್ನು ಫೋನ್. ಫೋನ್‌ನ ಗೂಗಲ್ ಕ್ಯಾಲೆಂಡರ್‌ನಲ್ಲಿ ಆ ಎರಡನೇ ಸಾಲು ಕಾಣ್ತಾ ಇಲ್ಲ. ನಾನು ಏನಾದರೂ ಬಿಟ್ಟಿದ್ದೀನಾ?

ರಾತ್ರಿಪಾಳಿ

ಇಲ್ಲ ಮೇಡಂ, ನನ್ನ ಫೋನ್‌ನ ಆಪ್‌ನಲ್ಲೂ ಬರಲ್ಲ. ಅದು ಲ್ಯಾಪ್‌ಟಾಪ್‌ನಲ್ಲಿ ನೋಡೋಕೆ. ಫೋನ್‌ನಲ್ಲಿ ಹೊಸ ಕ್ಲಾಸು ಹಾಕುವಾಗ ಗಂಟೆಯ ಕೆಳಗೆ ಗೋಳದ ಗುರುತಿನ ಸಾಲಿದೆ, ಅಲ್ಲಿ ಊರು ಆರಿಸಬಹುದು. ಲಾಸ್ ಏಂಜಲಿಸ್‌ನ ಗುರುವಾರ ಸಂಜೆ 8 ಅಂತ ಹಾಕಿ ಸೇವ್ ಮಾಡಿದರೆ ನಮ್ಮ ಶುಕ್ರವಾರ 8.30ಕ್ಕೆ ಬಂದು ಕೂರುತ್ತೆ. ಲೆಕ್ಕ ಅದೇ ಮಾಡಿಕೊಳ್ಳುತ್ತೆ.

"ಈಗ ಫೋನ್ ಮಾಡಲಾ" ಅನ್ನೋದಕ್ಕೆ ಕ್ಲಾಕ್ ಆಪ್‌ನಲ್ಲಿ ಊರುಗಳನ್ನು ಸೇರಿಸಿ. ಗೂಗಲ್ ಕ್ಲಾಕ್‌ನಲ್ಲಿ ಗಡಿಯಾರದ ಪುಟದಲ್ಲೇ ಕೆಳಗೆ ಪ್ಲಸ್ ಇದೆ. ಆಮೇಲೆ ಹೋಮ್ ಸ್ಕ್ರೀನ್‌ನ ಖಾಲಿ ಜಾಗ ಒತ್ತಿ ಹಿಡಿದು, ವಿಜೆಟ್‌ಗಳಲ್ಲಿ ಕ್ಲಾಕ್ ಹುಡುಕಿ, ಊರುಗಳು ಕಾಣುವ ವಿಜೆಟ್ ಎಳೆದು ಹಾಕಿ. ಫೋನ್ ಅನ್‌ಲಾಕ್ ಮಾಡಿದ ತಕ್ಷಣ ಮೂರು ಊರೂ ಕಣ್ಣಿಗೆ ಬೀಳುತ್ತೆ.

ಮೊದಲು ಹೇಳಿದ ಮಾತಿಗೆ ಈಗ ಬರ್ತೀನಿ. ವರ್ಲ್ಡ್ ಕ್ಲಾಕ್ ಈ ಕ್ಷಣದ್ದು ಮಾತ್ರ. ಇವತ್ತು ಅದು "ಹನ್ನೆರಡೂವರೆ ಗಂಟೆ ಹಿಂದೆ" ಅಂತ ತೋರಿಸುತ್ತೆ. ಅದನ್ನು ನೋಡಿ ನವೆಂಬರ್ 15ರ ಮೀಟಿಂಗ್ ಲೆಕ್ಕ ಹಾಕಿದರೆ ಒಂದು ಗಂಟೆ ತಪ್ಪುತ್ತೆ. ಮುಂದಿನ ತಾರೀಕಿಗೆ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೇ ಹೋಗಿ ನೋಡಬೇಕು.

ಹುಬ್ಬಳ್ಳಿ_ಪ್ಯಾಟಿ

ಕ್ಲಾಕ್ ಆಪ್‌ನಾಗ ಹುಬ್ಬಳ್ಳಿ ಸಿಗವಲ್ತಲ್ರೀ?

ರಾತ್ರಿಪಾಳಿ

ಪಟ್ಟಿಯಲ್ಲಿ ಎಲ್ಲಾ ಊರೂ ಇರಲ್ಲ. ಬೆಂಗಳೂರು ಹಾಕಿ, ದೆಹಲಿ ಹಾಕಿ, ಭಾರತದಲ್ಲಿ ಎಲ್ಲಾ ಒಂದೇ. ಅಮೆರಿಕದಲ್ಲಿ ಹಾಗೆ ಮಾಡೋಕೆ ಆಗಲ್ಲ, ಅದೇ ಹೊತ್ತಿನ, ಅದೇ ರಾಜ್ಯದ ದೊಡ್ಡ ಊರು ಹುಡುಕಬೇಕು.

ಸ್ಯಾನ್‌ಹೋಸೆ_ಅಮ್ಮ

ನನ್ನ ಅತ್ತೆಗೆ ಐಫೋನ್ ಇದೆ, ಧಾರವಾಡದಲ್ಲಿದ್ದಾರೆ. ಅವರಿಗೆ ಕ್ಲಾಕ್ ಆಪ್‌ನ `World Clock`ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹಾಕಿಕೊಟ್ಟಿದ್ದೀನಿ. ಊರಿನ ಹೆಸರಿನ ಮೇಲೆ ಸಣ್ಣದಾಗಿ `Yesterday` ಅಂತ ಬರುತ್ತೆ. ಅವರು ನೋಡೋದು ಅದನ್ನೇ. "ನಿಮ್ಮಲ್ಲಿ ಇನ್ನೂ ನಿನ್ನೆ" ಅಂತ ಹೇಳಿಯೇ ಮಾತು ಶುರು ಮಾಡ್ತಾರೆ. ಹೋಮ್ ಸ್ಕ್ರೀನ್‌ಗೆ ಮುಳ್ಳಿನ ಗಡಿಯಾರದ ವಿಜೆಟ್ ಕೂಡ ಹಾಕಿದ್ದೀನಿ. ಅದರಲ್ಲಿ ಎಎಮ್ ಪಿಎಮ್ ಇಲ್ಲ, ಆದರೆ ನಮ್ಮಲ್ಲಿ ರಾತ್ರಿ ಆದರೆ ಗಡಿಯಾರದ ಮುಖ ಕಪ್ಪು, ಹಗಲಾದರೆ ಬಿಳಿ. ಕಪ್ಪಿದ್ದರೆ ಫೋನ್ ಮಾಡಲ್ಲ.

ಕುಂದಾಪ್ರದ_ದುಬೈಯವ

ಅಮ್ಮ ದೋಹಾ ಸೇರಿಸಿದರು. ದುಬೈ ಮೇಲೆ, ದೋಹಾ ಕೆಳಗೆ. "ದೊಡ್ಡವನು ಮೇಲೆ, ಚಿಕ್ಕವನು ಕೆಳಗೆ" ಅಂತ ನೆನಪಿಟ್ಟುಕೊಂಡಿದ್ದಾರೆ.

ಚಾಮುಂಡಿಬೆಟ್ಟದಡಿ

ನಾನು ಪ್ರಶ್ನೆಯನ್ನು ಬೇರೆ ತರಹ ತಿಳಿದುಕೊಂಡಿದ್ದೆ. ಈಗ ಅಣ್ಣನ ಸಿಂಗಪುರ ಸೇರಿಸಿದೆ, ನಮಗಿಂತ ಎರಡೂವರೆ ಗಂಟೆ ಮುಂದೆ ಅಂತಿದೆ. ಅಲ್ಲೂ ನವೆಂಬರ್‌ನಲ್ಲಿ ಬದಲಾಗುತ್ತಾ?

ರಾತ್ರಿಪಾಳಿ

ಇಲ್ಲ, ಸಿಂಗಪುರ ವರ್ಷಪೂರ್ತಿ ಒಂದೇ. ಆದರೆ ನಿಮ್ಮ ಅಣ್ಣ ಊರಿಗೆ ಬಂದುಹೋಗುವವರಾದರೆ ಅವರ ಗೂಗಲ್ ಕ್ಯಾಲೆಂಡರ್‌ನಲ್ಲಿ `Ask to update my primary time zone to current location` ಅಂತ ಒಂದು ಟಿಕ್ ಇದೆ. ಬೇರೆ ದೇಶದಲ್ಲಿ ಲ್ಯಾಪ್‌ಟಾಪ್ ತೆರೆದಾಗ ಟೈಮ್ ಬದಲಿಸಲಾ ಅಂತ ಕೇಳುತ್ತೆ. ಓದದೆ ಹೂಂ ಅಂದರೆ ಮುಖ್ಯ ಸಾಲೇ ಬದಲಾಗಿ, ಆಮೇಲೆ ಹಾಕುವ ಕೆಲಸಗಳೆಲ್ಲಾ ಆ ದೇಶದ ಹೊತ್ತಿಗೆ ಗಂಟು ಬೀಳುತ್ತವೆ.

ತುಂಗಾತೀರ (ಅಕ್ಟೋಬರ್ 12)

ಪೋಷಕರ ಗುಂಪಿನಲ್ಲಿ ಕೇಳಿದೆ. ಡಲ್ಲಾಸ್ ಮತ್ತು ಮೆಲ್ಬರ್ನ್‌ನವರು ಭಾರತದ ಹೊತ್ತು ಅಂದರು. ಸ್ಯಾನ್ ಹೋಸೆಯವರಲ್ಲಿ ಅರ್ಧ ಜನ 6 ಆಗುತ್ತೆ ಅಂದರು, ಅರ್ಧ ಜನ ಆಗಲ್ಲ ಅಂದರು. ನವೆಂಬರ್ ತಿಂಗಳಿಗೆ 7.30ಏ ಇಟ್ಟು, ಆಗದವರಿಗೆ 8.30ಕ್ಕೆ ಇನ್ನೊಂದು ಸಣ್ಣ ಗುಂಪು ಮಾಡಿದರೆ ಹೇಗೆ ಅಂತ ಯೋಚಿಸ್ತಾ ಇದ್ದೇನೆ. ಆ ಎರಡನೇ ಗುಂಪನ್ನು ಲಾಸ್ ಏಂಜಲಿಸ್‌ನ 7ಕ್ಕೆ ಕಟ್ಟಬೇಕು ಅಲ್ವಾ? ಆಗ ಮಾರ್ಚ್‌ನಲ್ಲಿ ಎರಡೂ ಗುಂಪು ನನ್ನ 7.30ಕ್ಕೇ ಬಂದುಬಿಡುತ್ತವಲ್ಲ.

ರಾತ್ರಿಪಾಳಿ

ಹೌದು ಮೇಡಂ, ಮಾರ್ಚ್ 15ರ ಭಾನುವಾರ ಎರಡೂ ಒಂದರ ಮೇಲೊಂದು ಕೂರುತ್ತವೆ. ಎರಡನೇ ಗುಂಪನ್ನು ಹಾಕುವಾಗಲೇ `Repeat` ಒಳಗೆ ಕೊನೇ ತಾರೀಕು ಕೊಟ್ಟುಬಿಡಿ. ಅಲ್ಲಿನ ಮಾರ್ಚ್ 7, ಶನಿವಾರ ಕೊನೇ ಕ್ಲಾಸು, ನಮಗೆ 8ರ ಭಾನುವಾರ 8.30. ಅದರ ಮುಂದಿನ ವಾರ ಎಲ್ಲರೂ ಮೊದಲಿನ ಗುಂಪಿಗೇ ಬರಬಹುದು.